ಮಸೀದಿಯ ಐದು ಹೊತ್ತು: ನೆರೆಹೊರೆಯವರಿಗಾಗಿ ಒಂದು ವಿವರಣೆ

ಮಸೀದಿಯ ಆಸುಪಾಸಿನ ಮನೆಯವರು, ಎದುರಿನ ಅಂಗಡಿಯವರು, ತೋಟದ ಮಾಲೀಕರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಬಾಂಗಿನ ಹೊತ್ತು ತಿಂಗಳಿಂದ ತಿಂಗಳಿಗೆ ಏಕೆ ಬದಲಾಗುತ್ತದೆ? ಅದಕ್ಕೆ ಉತ್ತರವಾಗಿ ಮಸೀದಿಯ ಆಡಳಿತ ಸಮಿತಿಯ ಪರವಾಗಿ ಈ ವಿವರಣೆಯನ್ನು ಬರೆಯಲಾಗಿದೆ. ನಮಾಜಿನ ಹೊತ್ತನ್ನು ನಿರ್ಧರಿಸುವುದು ಗಡಿಯಾರವಲ್ಲ, ಆಕಾಶದಲ್ಲಿ ಸೂರ್ಯನಿರುವ ಸ್ಥಾನ. ಗೋಡೆಯ ಮೇಲಿನ ವೇಳಾಪಟ್ಟಿ ಆ ಸ್ಥಾನವನ್ನು ಗಂಟೆ ನಿಮಿಷಗಳಿಗೆ ಇಳಿಸಿ ತೋರಿಸುತ್ತದೆ, ಅಷ್ಟೆ.

ಬೆಳಗಿನ ನಮಾಜನ್ನು ಉರ್ದು ಮಾತನಾಡುವವರು ಫಜ್ರ್ ಎಂದೂ ಮಲಯಾಳ ಮಾತನಾಡುವ ಮಾಪಿಳ್ಳೆಯರು ಸುಬಹಿ ಎಂದೂ ಕರೆಯುತ್ತಾರೆ. ಪೂರ್ವ ದಿಗಂತದ ಉದ್ದಕ್ಕೂ ಬೆಳಕಿನ ಗೆರೆ ಹರಡಿದಾಗ ಅದರ ಹೊತ್ತು ಆರಂಭವಾಗಿ, ಸೂರ್ಯ ಹುಟ್ಟುವುದರೊಂದಿಗೆ ಮುಗಿಯುತ್ತದೆ. ಕೊಡಗಿನಲ್ಲಿ ಈ ಅವಧಿ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿರುತ್ತದೆ. ಜೂನಿನಲ್ಲಿ ಅದು ಐದು ಗಂಟೆಗೂ ಮೊದಲೇ ಆರಂಭವಾದರೆ, ಜನವರಿಯ ಕೊನೆಯಲ್ಲಿ ಐದೂವರೆ ದಾಟಿರುತ್ತದೆ. ಈ ಹೊತ್ತಿನ ಬಾಂಗಿನಲ್ಲಿ ಮಾತ್ರ ‘ನಿದ್ದೆಗಿಂತ ನಮಾಜು ಮೇಲು’ ಎಂಬ ಅರ್ಥದ ಒಂದು ಸಾಲು ಹೆಚ್ಚಾಗಿ ಬರುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುವುದರಿಂದ, ನಮ್ಮಲ್ಲಿ ಈ ಬಾಂಗನ್ನು ಮೈಕಿಲ್ಲದೆ ಒಳಗಿನಿಂದಲೇ ಕರೆಯಲಾಗುತ್ತದೆ.

ಮಧ್ಯಾಹ್ನದ ನಮಾಜು, ಅಂದರೆ ಝುಹರ್ ಅಥವಾ ಲುಹರ್, ಸೂರ್ಯ ನೆತ್ತಿಯ ರೇಖೆಯನ್ನು ದಾಟಿ ಪಶ್ಚಿಮಕ್ಕೆ ವಾಲಿದ ಮೇಲೆ ಆರಂಭವಾಗುತ್ತದೆ. ನಡುಹಗಲೆಂದರೆ ಹನ್ನೆರಡು ಗಂಟೆಯೆಂದು ನಾವು ಭಾವಿಸಿದರೂ ಮಡಿಕೇರಿಯ ಸೂರ್ಯ ಹಾಗೆ ಭಾವಿಸುವುದಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಮಡಿಕೇರಿ ಇರುವುದು ಸುಮಾರು 75.7 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿನ ನಿಜವಾದ ನಡುಹಗಲು ಸರಾಸರಿ 12 ಗಂಟೆ 27 ನಿಮಿಷಕ್ಕೆ ಬರುತ್ತದೆ, ಮತ್ತು ಋತುವಿಗೆ ತಕ್ಕಂತೆ ಕಾಲು ಗಂಟೆಯಷ್ಟು ಹಿಂದೆ ಮುಂದೆ ಸರಿಯುತ್ತದೆ.

ಸಂಜೆಗೆ ಮುನ್ನ ಬರುವ ಅಸರ್ ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಒಂದೇ ಪಟ್ಟಣದ ಎರಡು ಮಸೀದಿಗಳಲ್ಲಿ ಒಂದು ಗಂಟೆಯ ಅಂತರದಲ್ಲಿ ಬಾಂಗು ಕೇಳಿಸಿದಾಗ, ಇವರಿವರಲ್ಲೇ ಏನೋ ಭಿನ್ನಾಭಿಪ್ರಾಯವಿರಬೇಕೆಂದು ಕೆಲವರು ಊಹಿಸುತ್ತಾರೆ. ಅಂಥ ಜಗಳವೇನೂ ಇಲ್ಲ. ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನಲ್ಲಿ ಅದರ ನೆರಳು ಎಷ್ಟಿದೆಯೆಂದು ಗುರುತಿಸಿಕೊಳ್ಳಿ. ಮಧ್ಯಾಹ್ನ ಕಳೆದಂತೆ ನೆರಳು ಉದ್ದವಾಗುತ್ತದೆ. ನಡುಹಗಲಿನ ನೆರಳನ್ನು ಬಿಟ್ಟು, ಅದು ಇನ್ನೂ ಒಂದು ಮೀಟರ್ ಬೆಳೆದಾಗ ಅಸರ್ ಆರಂಭವಾಗುತ್ತದೆಂಬುದು ಶಾಫಿ ಪಂಥದ ನಿಲುವು. ಎರಡು ಮೀಟರ್ ಬೆಳೆದಾಗ ಎಂಬುದು ಹನಫಿ ಪಂಥದಲ್ಲಿ ರೂಢಿಯಲ್ಲಿರುವ ನಿಲುವು. ಕೊಡಗಿನ ಮಾಪಿಳ್ಳೆಯರು ಶಾಫಿಗಳು, ಉರ್ದು ಮಾತನಾಡುವವರು ಬಹುಮಟ್ಟಿಗೆ ಹನಫಿಗಳು. ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ ಮೊದಲನೆಯ ಲೆಕ್ಕದಂತೆ ಸುಮಾರು 3 ಗಂಟೆ 52 ನಿಮಿಷಕ್ಕೂ ಎರಡನೆಯ ಲೆಕ್ಕದಂತೆ ಸುಮಾರು 4 ಗಂಟೆ 55 ನಿಮಿಷಕ್ಕೂ ಅಸರ್ ಬರುತ್ತದೆ. ಎರಡನ್ನೂ ಎಲ್ಲರೂ ಸರಿಯೆಂದೇ ಗೌರವಿಸುತ್ತಾರೆ. ಏಪ್ರಿಲ್ ಕೊನೆಯ ಭಾಗದಲ್ಲಿ ಸೂರ್ಯ ಕೊಡಗಿನ ನೆತ್ತಿಯ ಮೇಲೆ ನೇರವಾಗಿ ಬರುವಾಗ ಕೋಲಿಗೆ ನಡುಹಗಲಿನ ನೆರಳೇ ಇರುವುದಿಲ್ಲ. ಮಕ್ಕಳಿಗೆ ಈ ಲೆಕ್ಕವನ್ನು ತೋರಿಸಿಕೊಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಮಗ್ರಿಬ್ ಸೂರ್ಯಾಸ್ತದ ನಮಾಜು. ನವೆಂಬರಿನಲ್ಲಿ ಆರಕ್ಕೆ ತುಸು ಮೊದಲೂ ಜುಲೈ ಮೊದಲಲ್ಲಿ ಏಳಕ್ಕೆ ತುಸು ಮೊದಲೂ ಅದರ ಬಾಂಗು ಕೇಳಿಸುತ್ತದೆ. ಬೆಟ್ಟಗಳ ನಡುವಿನ ನಮ್ಮ ಊರುಗಳಲ್ಲಿ ಇಲ್ಲೊಂದು ತೊಡಕಿದೆ: ಕಣಿವೆಯ ಮನೆಗೆ ಸೂರ್ಯ ಐದೂವರೆಗೇ ಗುಡ್ಡದ ಹಿಂದೆ ಮರೆಯಾಗಬಹುದು. ಆದರೆ ಅದು ಅಸ್ತವಲ್ಲ. ಬೆಟ್ಟದ ತುದಿಗಳಿಂದಲೂ ಬಿಸಿಲು ಇಳಿದು, ಪೂರ್ವದಿಂದ ಕತ್ತಲೆ ಏರತೊಡಗಿದ ಮೇಲೆಯೇ ಸೂರ್ಯ ಮುಳುಗಿದನೆಂದು ತಿಳಿಯಬೇಕೆಂದು ಹಿಂದಿನ ವಿದ್ವಾಂಸರು ಬರೆದಿದ್ದಾರೆ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಕಾಣದಿರುವಾಗ ಲೆಕ್ಕ ಹಾಕಿ ಮುದ್ರಿಸಿದ ವೇಳಾಪಟ್ಟಿಯೇ ಆಧಾರ. ಮಗ್ರಿಬ್‌ನ ಅವಧಿ ಚಿಕ್ಕದು. ಪಶ್ಚಿಮದ ಸಂಜೆಗೆಂಪು ಅಳಿಯುವುದರೊಳಗೆ, ಅಂದರೆ ಒಂದು ಗಂಟೆಗಿಂತ ಸ್ವಲ್ಪವೇ ಹೆಚ್ಚಿನ ಅವಧಿಯಲ್ಲಿ ಅದು ಮುಗಿದು, ರಾತ್ರಿಯ ಇಶಾ ಆರಂಭವಾಗುತ್ತದೆ. ಇಸ್ಲಾಮಿ ಲೆಕ್ಕದಲ್ಲಿ ಹೊಸ ದಿನ ಆರಂಭವಾಗುವುದು ಮಗ್ರಿಬ್‌ನಿಂದಲೇ. ಆದ್ದರಿಂದಲೇ ರಂಜಾನಿನ ಚಂದ್ರ ಕಂಡ ರಾತ್ರಿಯೇ, ಮೊದಲ ಉಪವಾಸಕ್ಕೂ ಮುನ್ನ, ಇಶಾ ಆದ ಮೇಲೆ ತರಾವೀಹ್ ಎಂಬ ಹೆಚ್ಚಿನ ನಮಾಜು ಆರಂಭವಾಗುತ್ತದೆ.

ಸೂರ್ಯನನ್ನು ಇಷ್ಟು ಗಮನಿಸುವುದರಿಂದ ಇದು ಸೂರ್ಯಾರಾಧನೆಯೇ ಎಂದು ಒಬ್ಬ ಹಿರಿಯರು ಕುತೂಹಲದಿಂದ ಕೇಳಿದ್ದರು. ಪ್ರಶ್ನೆ ಸಹಜವಾದದ್ದೇ. ಆದರೆ ಸೂರ್ಯ ಹುಟ್ಟುತ್ತಿರುವ, ನೆತ್ತಿಯ ಮೇಲಿರುವ ಮತ್ತು ಮುಳುಗುತ್ತಿರುವ ಕ್ಷಣಗಳಲ್ಲಿ ಸಾಮಾನ್ಯವಾಗಿ ನಮಾಜು ಮಾಡಬಾರದೆಂಬ ನಿಯಮವಿದೆ. ಸೂರ್ಯ ಇಲ್ಲಿ ಹೊತ್ತು ತಿಳಿಸುವವನು ಮಾತ್ರ; ಮುಖ ಮಾಡುವುದು ಮಕ್ಕಾದ ಕಾಬಾದ ಕಡೆಗೆ, ಕೊಡಗಿನಿಂದ ನೋಡಿದರೆ ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ ವಾಲಿದ ದಿಕ್ಕಿಗೆ.

ಬಾಂಗೇ ನಮಾಜಲ್ಲ, ಅದು ಕರೆ. ಕರೆಯಾದ ಮೇಲೆ ಜನ ಕೈಕಾಲು ಮುಖ ತೊಳೆದು ವುಝೂ ಮಾಡಿ ಸೇರಲೆಂದು ಸ್ವಲ್ಪ ಬಿಡುವು ಕೊಟ್ಟು, ನಮಾಜು ಈಗ ಆರಂಭವೆಂದು ತಿಳಿಸುವ ಇಕಾಮತ್ ಹೇಳಿ, ಇಮಾಮರ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಮಗ್ರಿಬ್‌ನಲ್ಲಿ ಆ ಬಿಡುವು ಬಹಳ ಕಡಿಮೆ. ಸಾಮೂಹಿಕ ನಮಾಜು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದು ಸುತ್ತನ್ನು ರಕಅತ್ ಎನ್ನುತ್ತಾರೆ; ಬೆಳಗ್ಗೆ ಎರಡು, ಸೂರ್ಯಾಸ್ತಕ್ಕೆ ಮೂರು, ಉಳಿದ ಮೂರು ಹೊತ್ತಿಗೆ ನಾಲ್ಕು ನಾಲ್ಕು ರಕಅತ್‌ಗಳು ಕಡ್ಡಾಯ.

ಕೆಲಸ ಕೊಡುವವರಿಗೆ ಉಪಯೋಗಕ್ಕೆ ಬರುವ ಸಂಗತಿ ಇದು: ಪ್ರತಿ ನಮಾಜಿಗೂ ಇರುವುದು ಒಂದು ಅವಧಿ, ಒಂದು ಕ್ಷಣವಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣು ತೂಕ ಮಾಡುವ ಹೊತ್ತಿಗೇ ಅಸರ್ ಬಾಂಗಾದರೆ, ತೂಕ ಮುಗಿಸಿ ತೋಟದ ಶೆಡ್ಡಿನಲ್ಲಿಯೇ ಚಾಪೆ ಹಾಸಿ ನಮಾಜು ಮಾಡಬಹುದು. ಸ್ಥಳ ಶುದ್ಧವಾಗಿದ್ದರೆ ಸಾಕು. ಪ್ರಯಾಣದಲ್ಲಿರುವವರಿಗೆ ನಾಲ್ಕು ರಕಅತ್‌ಗಳನ್ನು ಎರಡಕ್ಕೆ ಇಳಿಸುವ ರಿಯಾಯಿತಿಯಿದೆ, ನಿಲ್ಲಲಾಗದ ರೋಗಿ ಕುಳಿತೇ ಮಾಡಬಹುದು. ಕೆಲಸದ ಜಾಗದಲ್ಲೇ ಒಬ್ಬರೇ ನಮಾಜು ಮಾಡುವ ಅನುಕೂಲಕ್ಕೆ ಶುಕ್ರವಾರದ ಮಧ್ಯಾಹ್ನ ಮಾತ್ರ ಅಪವಾದ. ಆ ದಿನ ಝುಹರ್ ಬದಲು ನಡೆಯುವ ಜುಮಾ ನಮಾಜನ್ನು ಒಬ್ಬರೇ ಮಾಡಲು ಬರುವುದಿಲ್ಲ; ಖುತುಬಾ ಎಂಬ ಪ್ರವಚನ ಕೇಳಿ, ಜಮಾಅತ್‌ನಲ್ಲಿ ಎರಡು ರಕಅತ್ ಮಾಡಬೇಕು. ಮಡಿಕೇರಿಯ ಸಂತೆಯೂ ಶುಕ್ರವಾರವೇ ಆಗಿರುವುದರಿಂದ ಕೆಲವು ವ್ಯಾಪಾರಿಗಳು ಪಕ್ಕದವರಿಗೆ ಅಂಗಡಿ ಒಪ್ಪಿಸಿ ಹೋಗುವುದನ್ನು ನೀವು ನೋಡಿರಬಹುದು. ಹಾಗೆ ನೋಡಿಕೊಳ್ಳುವ ನೆರೆಯವರಿಗೆ ನಾವು ಕೃತಜ್ಞರು.

ನಮಾಜನ್ನು ನೋಡಬಯಸುವವರಿಗೆ ಅಸರ್ ಹೊತ್ತು ಅನುಕೂಲ, ಏಕೆಂದರೆ ಅದು ಮುಗಿದ ಮೇಲೆ ಮಾತಿಗೆ ಬಿಡುವಿರುತ್ತದೆ. ಹಿಂದಿನ ದಿನ ಉಸ್ತಾದರಿಗೆ ತಿಳಿಸಿದರೆ ಒಬ್ಬರು ಬಾಗಿಲಲ್ಲಿ ಎದುರುಗೊಳ್ಳುತ್ತಾರೆ. ಪಾದರಕ್ಷೆಯನ್ನೂ ಮಳೆಗಾಲವಾದರೆ ಕೊಡೆಯನ್ನೂ ಹೊರಗಿನ ಜಗಲಿಯಲ್ಲಿಟ್ಟು, ಒಳಗೆ ಹಿಂದಿನ ಗೋಡೆಯ ಬಳಿ ಕುಳಿತುಕೊಳ್ಳಬಹುದು. ನಮಾಜು ಮಾಡುತ್ತಿರುವವರ ಮುಂದಿನಿಂದ ಹಾದುಹೋಗದಿದ್ದರೆ ಸಾಕು. ಪ್ರತಿ ತಿಂಗಳ ವೇಳಾಪಟ್ಟಿ ಗೇಟಿನ ಪಕ್ಕದ ಹಲಗೆಯ ಮೇಲೆ ಕನ್ನಡದಲ್ಲಿಯೂ ಇರುತ್ತದೆ. ಮದುವೆ, ನಾಮಕರಣ, ಊರ ಹಬ್ಬಗಳ ಮೈಕಿನ ಹೊತ್ತನ್ನು ಹೊಂದಿಸಿಕೊಳ್ಳಬೇಕಾದವರು ಅದನ್ನು ನೋಡಬಹುದು, ಇಲ್ಲವೇ ನಮಗೆ ಮೊದಲೇ ತಿಳಿಸಿದರೆ ನಾವೂ ನಮ್ಮ ಧ್ವನಿಯನ್ನು ಇಳಿಸಿಕೊಳ್ಳುತ್ತೇವೆ.