ಹೊಸದಾಗಿ ಸೇರಿದವರಿಗೆ ಸುರಕ್ಷತಾ ಹಾಳೆ
ಹೊಲಿಗೆ, ಕಟಿಂಗ್ ಮತ್ತು ಫಿನಿಶಿಂಗ್ ವಿಭಾಗ, ಕಲಬುರಗಿ ಘಟಕ

ಈ ಹಾಳೆ ನಿಮ್ಮದು, ಮನೆಗೆ ಒಯ್ಯಿರಿ. ಓದಲು ಬಾರದ ಅಕ್ಕ-ತಂಗಿಯರಿಗೆ ಪಕ್ಕದವರು ಓದಿ ಹೇಳಿರಿ. ಉರ್ದು, ತೆಲುಗು, ಮರಾಠಿಯಲ್ಲಿ ಕೇಳಬೇಕೆಂದರೆ ವೆಲ್‌ಫೇರ್ ಆಫೀಸಿಗೆ ಬನ್ನಿ, ಹೇಳುವವರಿದ್ದಾರೆ.

ಹೊರಗೆ ಹೋಗುವ ದಾರಿ

ಹೊಲಿಗೆ ವಿಭಾಗ ಮೊದಲ ಮಹಡಿಯಲ್ಲಿದೆ. ಇಳಿಯಲು ಎರಡು ದಾರಿ: ದಿನಾ ಹತ್ತಿ ಬರುವ ಮುಂದಿನ ಮೆಟ್ಟಿಲು, ಐರನ್ ಟೇಬಲ್‌ಗಳ ಹಿಂದಿರುವ ಕಬ್ಬಿಣದ ಮೆಟ್ಟಿಲು. ಹೆಚ್ಚಿನವರಿಗೆ ಹಿಂದಿನದು ನೆನಪೇ ಇರುವುದಿಲ್ಲ. ಆದ್ದರಿಂದ ಇವತ್ತು ಮಷಿನ್ ಮುಂದೆ ಕೂರುವ ಮೊದಲು ನಿಮ್ಮ ಜಾಗದಿಂದ ಆ ಬಾಗಿಲವರೆಗೆ ಒಮ್ಮೆ ನಡೆದು, ನಿಮ್ಮ ಕೈಯಿಂದಲೇ ತಳ್ಳಿ ನೋಡಿ. ಅದು ಹೊರಗಡೆಗೆ ತೆರೆಯಬೇಕು. ಬೀಗ ಹಾಕಿದ್ದರೆ, ಎದುರಿಗೆ ಬಂಡಲ್ ಅಥವಾ ಟ್ರಾಲಿ ಇಟ್ಟಿದ್ದರೆ ಆಗಲೇ ಹೇಳಿ. ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕುವ ಅಧಿಕಾರ ಮ್ಯಾನೇಜರ್‌ಗೂ ಇಲ್ಲ.

ಸೈರನ್ ಕೇಳಿದ ಕೂಡಲೇ ಮಷಿನ್ ಸ್ವಿಚ್ ಆಫ್ ಮಾಡಿ ಎದ್ದುಬಿಡಿ. ಯಾರ ಅಪ್ಪಣೆಗೂ ಕಾಯಬೇಡಿ. ಕೈಯಲ್ಲಿನ ಪೀಸ್ ಮುಗಿಸಬೇಡಿ, ಬ್ಯಾಗು, ಊಟದ ಡಬ್ಬಿ, ಚಪ್ಪಲಿ ಹುಡುಕಬೇಡಿ. 2012ರ ನವೆಂಬರ್ 24ರಂದು ಢಾಕಾ ಹತ್ತಿರದ ತಾಜ್ರೀನ್ ಗಾರ್ಮೆಂಟ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ಅಲಾರಂ ಬಡಿದಿತ್ತು. ಏನೂ ಆಗಿಲ್ಲ, ಕೂತು ಕೆಲಸ ಮಾಡಿ ಎಂದು ಮೇಲಿನವರು ಹೇಳಿದರೆಂದು ಬದುಕಿ ಬಂದವರು ತಿಳಿಸಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ಯಾರಾದರೂ ನಿಮಗೆ "ಕೂಡ್ರಿ" ಅಂದರೆ ಆ ಮಾತು ಕೇಳಬೇಕಿಲ್ಲ. ಸುಳ್ಳು ಅಲಾರಂಗೆ ಎದ್ದು ಹೋದವರ ಕೂಲಿ ಕಡಿಯುವುದಿಲ್ಲ.

ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹೊಗೆ ತುಂಬಿದ್ದರೆ ಬಗ್ಗಿ, ಗೋಡೆ ಹಿಡಿದು ನಡೆಯಿರಿ. ನೆಲದ ಹತ್ತಿರ ಉಸಿರಾಡುವಷ್ಟು ಗಾಳಿ ಇರುತ್ತದೆ. ಲಿಫ್ಟ್ ಬೇಡ. ಗರ್ಭಿಣಿಯರನ್ನು, ಕಾಲು ನೋವಿದ್ದವರನ್ನು ಜೊತೆಗೆ ಕರೆದುಕೊಂಡು ಇಳಿಯಿರಿ. ಶಿಶುವಿಹಾರದ ಮಕ್ಕಳನ್ನು ಆಯಾಗಳೇ ಹೊರಗೆ ತರುತ್ತಾರೆ. ತಾಯಂದಿರು ಒಳಗೆ ಓಡಬೇಡಿ, ಮಗು ಹೊರಗಿನ ಬಯಲಲ್ಲೇ ಸಿಗುತ್ತದೆ.

ಎಲ್ಲರೂ ಸೇರುವ ಜಾಗ, ಕಂಪನಿ ಬಸ್ ನಿಲ್ಲುವ ಬಯಲು. ಸೂಪರ್‌ವೈಸರ್ ಹೆಸರು ಕೂಗಿ ಎಣಿಸುವ ತನಕ ಅಲ್ಲೇ ಇರಿ. ಹೇಳದೆ ಆಟೋ ಹತ್ತಿ ಊರಿಗೆ ಹೋದರೆ ನಿಮ್ಮನ್ನು ಹುಡುಕಲು ಇನ್ನೊಬ್ಬರು ಬೆಂಕಿಯೊಳಗೆ ಹೋಗಬೇಕಾಗುತ್ತದೆ.

ಬೆಂಕಿ ಆರಿಸುವ ಸಿಲಿಂಡರ್ ಕಲಿತವರಿಗೆ ಮಾತ್ರ. ವಿದ್ಯುತ್ ಬೆಂಕಿಗೆ ನೀರು ಎರಚಬೇಡಿ.

ಕೆಮಿಕಲ್

ಬಟ್ಟೆಯ ಎಣ್ಣೆ ಕಲೆ ತೆಗೆಯುವ ಸ್ಪಾಟಿಂಗ್ ಗನ್ ದ್ರಾವಣ ನೋಡಲು ನೀರಿನ ಹಾಗೇ ಇರುತ್ತದೆ. ಆವಿ ಮೂಗಿಗೆ ಏರಿದರೆ ತಲೆನೋವು, ತಲೆಸುತ್ತು, ವಾಕರಿಕೆ. ಅದರ ಕೆಲಸ ಸ್ಪಾಟಿಂಗ್ ರೂಮಿನಲ್ಲಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರುವಾಗ ಮಾತ್ರ. ದುಪಟ್ಟಾ ಅಥವಾ ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು. ಇಲ್ಲಿ ಕೊಡುವ ಕಾರ್ಬನ್ ಫಿಲ್ಟರ್ ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಸುರಿ ಇರುವವರು ನಮಗೆ ಹೇಳಿ, ಆ ರೂಮಿಗೆ ಹಾಕುವುದಿಲ್ಲ.

ಯಾವ ಕೆಮಿಕಲ್ಲನ್ನೂ ಕುಡಿಯುವ ನೀರಿನ ಬಾಟಲಿಗೆ ಸುರಿಯಬೇಡಿ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಗಂಟಲು ಒಣಗಿದವರು ಕಣ್ಣಿಗೆ ಬಿದ್ದ ಬಾಟಲಿ ಎತ್ತಿ ಬಾಯಿಗಿಡುತ್ತಾರೆ. ಲೇಬಲ್ ಇಲ್ಲದ ಡಬ್ಬಿ, ಬಾಟಲಿ ಕಂಡರೆ ಮುಟ್ಟದೆ ಸೂಪರ್‌ವೈಸರ್‌ಗೆ ತೋರಿಸಿ. ಬ್ಲೀಚಿಗೆ ಆಸಿಡ್ ಬೆರೆಸಬೇಡಿ, ಶೌಚಾಲಯ ತೊಳೆಯುವಾಗಲೂ ಅಷ್ಟೇ. ವಿಷದ ಗಾಳಿ ಏಳುತ್ತದೆ.

ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ. ಆ ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಿರಿ. ಊಟಕ್ಕೆ ಮುಂಚೆ, ಮಗುವಿಗೆ ಹಾಲು ಕೊಡುವ ಮುಂಚೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.

ಏನಾದರೂ ಆದರೆ ಹೇಳಿ

ಇಲ್ಲಿ ಹೆಚ್ಚಾಗಿ ಆಗುವುದು ಬೆರಳಿಗೆ ಸೂಜಿ ಚುಚ್ಚುವುದು. ಮಷಿನ್ ಆಫ್ ಮಾಡಿ ಕೂಗಿ. ಸೂಜಿ ಒಳಗೇ ಮುರಿದಿದ್ದರೆ ನೀವಾಗಿ ಎಳೆಯಬೇಡಿ. ಅರಿಶಿನ, ಮಷಿನ್ ಎಣ್ಣೆ ಹಚ್ಚಬೇಡಿ. ಮೊದಲು ಕೈ, ಆಮೇಲೆ ಮುರಿದ ಚೂರುಗಳ ಲೆಕ್ಕ.

ಟಾರ್ಗೆಟ್ ಹೋಗುತ್ತದೆ, ಬೈತಾರೆ ಎಂದು ಗಾಯಕ್ಕೆ ಚಿಂದಿ ಸುತ್ತಿ ಹೊಲಿಯುತ್ತ ಕೂರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಯ ಸಣ್ಣದಿದ್ದರೂ ಅದೇ ದಿನ ಅಪಘಾತ ರಿಜಿಸ್ಟರ್‌ನಲ್ಲಿ ಬರೆಸಿ. ಹೆಸರು, ಸಮಯ, ಮಷಿನ್ ನಂಬರ್ ಸರಿಯಿದೆಯೇ ಎಂದು ಓದಿಸಿ ಕೇಳಿ, ನಂತರವೇ ಸಹಿ ಅಥವಾ ಹೆಬ್ಬೆಟ್ಟು ಒತ್ತಿ. ಬೆರಳು ಮುಂದೆ ಬಾತರೆ, ರಜೆ ಹಾಕಬೇಕಾದರೆ, ಇಎಸ್‌ಐ ಹಣ ಕೇಳುವಾಗ ಆ ಬರಹವೇ ನಿಮ್ಮ ಆಧಾರ. ಕೆಲಸಕ್ಕೆ ಬರುವ, ಮನೆಗೆ ಹೋಗುವ ದಾರಿಯಲ್ಲಿ ಅಪಘಾತವಾದರೂ ತಿಳಿಸಿ. ಗಾಯವಾಗದೆ ತಪ್ಪಿಹೋದದ್ದನ್ನೂ ಹೇಳಿ: ಸುಲಿದ ವೈರು, ಮಷಿನ್‌ನಿಂದ ಶಾಕ್, ಕಳಚಿದ ಬೆಲ್ಟ್ ಕವರ್, ಮೆಟ್ಟಿಲ ಮೇಲೆ ಚೆಲ್ಲಿದ ಎಣ್ಣೆ.

ಮೊದಲು ಸೂಪರ್‌ವೈಸರ್‌ಗೆ ಹೇಳಿ. ಅವರು ಕಿವಿಗೊಡದಿದ್ದರೆ ನೇರ ಸೇಫ್ಟಿ ಆಫೀಸರ್ ಅಥವಾ ನಿಮ್ಮ ಲೈನಿನ ಸುರಕ್ಷತಾ ಸಮಿತಿ ಸದಸ್ಯೆಯ ಬಳಿ ಹೋಗಿ. ಹೆಸರು ಹೇಳಲು ಹಿಂಜರಿಕೆಯಿದ್ದರೆ ಮಹಿಳಾ ಶೌಚಾಲಯದ ಪಕ್ಕದ ದೂರು ಪೆಟ್ಟಿಗೆಗೆ ಚೀಟಿ ಹಾಕಿ.

ತುರ್ತು: 112. ಆಂಬುಲೆನ್ಸ್: 108. ಅಗ್ನಿಶಾಮಕ: 101. ನಮ್ಮ ಇಎಸ್‌ಐ ಆಸ್ಪತ್ರೆ ಸೇಡಂ ರಸ್ತೆಯಲ್ಲಿದೆ. ಇಎಸ್‌ಐ ನಂಬರ್ ಗುರುತಿನ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ನಿಮ್ಮ ಮೊದಲ ಅಗ್ನಿ ಡ್ರಿಲ್ ಈ ಶನಿವಾರ ಬೆಳಿಗ್ಗೆ 11 ಗಂಟೆಗೆ. ಹಿಂದಿನ ಮೆಟ್ಟಿಲಿಂದಲೇ ಇಳಿಯುತ್ತೇವೆ.