ಫ್ಲ್ಯಾಟ್‌ಗಳಿಗೆ ಹೊಸ ನಂಬರ್: ನವೆಂಬರ್ 1ರಿಂದ ಜಾರಿ

ಹೌಸಿಂಗ್ ಸೊಸೈಟಿ ಕಚೇರಿ, ವಿದ್ಯಾನಗರ, ಕಾಸರಗೋಡು
10 ಅಕ್ಟೋಬರ್ 2026

ಎಲ್ಲ ಮನೆಯವರಿಗೆ, ಬಾಡಿಗೆಗೆ ಇರುವವರಿಗೆ, ಗಲ್ಫ್‌ನಲ್ಲಿದ್ದುಕೊಂಡು ಇಲ್ಲಿ ಫ್ಲ್ಯಾಟ್ ಇಟ್ಟುಕೊಂಡಿರುವವರಿಗೆ ನಮಸ್ಕಾರ.

ನವೆಂಬರ್ 1, ಭಾನುವಾರದಿಂದ ನಮ್ಮ ಮೂರೂ ಬ್ಲಾಕ್‌ಗಳ ಎಲ್ಲ ಫ್ಲ್ಯಾಟ್‌ಗಳಿಗೆ ನಾಲ್ಕು ಅಂಕಿಯ ಹೊಸ ನಂಬರ್ ಬರುತ್ತದೆ. ಕಳೆದ ಮಹಾಸಭೆಯಲ್ಲಿ ಒಪ್ಪಿಗೆಯಾದ ವಿಷಯವೇ ಇದು. ಆ ದಿನ ಬಾರದವರು ಈಗ ಹೊಸದಾಗಿ ಚರ್ಚೆ ಎತ್ತಬೇಡಿ, ಸಂಶಯ ಇದ್ದರೆ ಮಾತ್ರ ಕೇಳಿ.

ಯಾಕೆ ಬದಲಾವಣೆ ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬಿಲ್ಡರ್ ಒಂದೊಂದು ಬ್ಲಾಕ್ ಕಟ್ಟಿದಾಗ ಒಂದೊಂದು ಕ್ರಮದಲ್ಲಿ ನಂಬರ್ ಕೊಟ್ಟು ಹೋಗಿದ್ದಾರೆ. ಎ ಬ್ಲಾಕಿನಲ್ಲಿ ನೆಲಮಹಡಿಯನ್ನು ಸೊನ್ನೆ ಅಂತ ಹಿಡಿದರು. ಬಿ ಬ್ಲಾಕಿನಲ್ಲಿ ಅದೇ ನೆಲಮಹಡಿ ಒಂದು ಆಯಿತು, ಮನೆಗಳನ್ನು ಎಣಿಸಿದ್ದೂ ಉಲ್ಟಾ ಕಡೆಯಿಂದ. ಸಿ ಬ್ಲಾಕಿನಲ್ಲಿ ಮಹಡಿ ಲೆಕ್ಕವೇ ಇಲ್ಲ, ಕೆಳಗಿನಿಂದ ಮೇಲಿನವರೆಗೆ 1, 2, 3 ಅಂತ 58ರವರೆಗೆ. ಹಾಗಾಗಿ 302 ಅಂದರೆ ಎ ಬ್ಲಾಕಿನಲ್ಲಿ ಮೂರನೇ ಮಹಡಿ, ಬಿ ಬ್ಲಾಕಿನಲ್ಲಿ ಎರಡನೇ ಮಹಡಿ. ಮಳೆಗಾಲದಲ್ಲಿ ಒಂದು ರಾತ್ರಿ ಬಿ 302ರಿಂದ ಆಂಬುಲೆನ್ಸ್‌ಗೆ ಫೋನ್ ಮಾಡಿದ್ದರು. ಫೋನಿನಲ್ಲಿ 'ಬಿ' ಸರಿಯಾಗಿ ಕೇಳಿಸಲಿಲ್ಲ, ಗೇಟಿನಲ್ಲಿ 302 ಅಂದದ್ದು ಮಾತ್ರ ಗೊತ್ತಾಯಿತು, ಸ್ಟ್ರೆಚರ್ ಹಿಡಿದುಕೊಂಡು ಎ ಬ್ಲಾಕಿನ ಮೂರನೇ ಮಹಡಿಗೆ ಹತ್ತಿ ಬೆಲ್ ಮಾಡಿದರು, ಅಲ್ಲಿಯವರು ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದು ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ ಅಂದರು. ದೇವರ ದಯೆಯಿಂದ ಕೆಟ್ಟದ್ದೇನೂ ಆಗಲಿಲ್ಲ. ಪಾರ್ಸೆಲ್ ಬೇರೆ ಮನೆಗೆ ಹೋದರೆ ತಂದುಕೊಳ್ಳಬಹುದು, ಆಂಬುಲೆನ್ಸ್ ಹಾಗಲ್ಲ ಅಲ್ವಾ?

ಈಗ ಹೊಸ ನಂಬರ್ ಓದುವ ಕ್ರಮ. ಮೊದಲ ಅಂಕಿ ಬ್ಲಾಕ್: ಎ ಅಂದರೆ 1, ಬಿ ಅಂದರೆ 2, ಸಿ ಅಂದರೆ 3. ಎರಡನೇ ಅಂಕಿ ಮಹಡಿ, ನೆಲಮಹಡಿಗೆ 0. ಕೊನೆಯ ಎರಡು ಅಂಕಿ ಆ ಮಹಡಿಯಲ್ಲಿ ನಿಮ್ಮದು ಎಷ್ಟನೇ ಮನೆ ಅಂತ. ಸಿ ಬ್ಲಾಕಿನಲ್ಲಿ ಒಂದು ಮಹಡಿಗೆ 11 ಮನೆ ಇರುವುದರಿಂದ ಒಂದೇ ಅಂಕಿಯಲ್ಲಿ ಮುಗಿಸಲು ಆಗುವುದಿಲ್ಲ. ಲಿಫ್ಟಿನಿಂದ ಹೊರಗೆ ಬಂದಾಗ ಎಡಗೈ ಕಡೆ ಮೊದಲು ಸಿಗುವ ಮನೆ 01, ಅಲ್ಲಿಂದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಬಂದ ಹಾಗೆ ಸುತ್ತುತ್ತಾ ಹೋಗಬೇಕು. ಮೂರೂ ಬ್ಲಾಕಿಗೆ ಇದೇ ಕ್ರಮ.

ಉದಾಹರಣೆಗೆ ಎ 204 ಇನ್ನು 1204. ಎ ಬ್ಲಾಕಿನವರಿಗೆ ಮುಂದೆ ಒಂದು 1 ಸೇರಿತು, ಅಷ್ಟೇ. ಬಿ 302 ಇದ್ದದ್ದು 2205 ಆಗುತ್ತದೆ, ಮಹಡಿಯೂ ಬದಲು, ಮನೆಯ ಕ್ರಮವೂ ಬದಲು. ಸಿ 17 ಇನ್ನು 3103. ಬಿ ಮತ್ತು ಸಿಯವರು ಸುಮ್ನೆ ಮನಸ್ಸಿನಲ್ಲೇ ಲೆಕ್ಕ ಹಾಕಬೇಡಿ, ಪೂರ್ತಿ ಪಟ್ಟಿ ಮೂರೂ ಲಿಫ್ಟುಗಳ ಪಕ್ಕ ಅಂಟಿಸಿದ್ದೇವೆ, ನೋಡಿಕೊಳ್ಳಿ. ಹಳೆಯ ನಂಬರ್‌ಗಳಲ್ಲಿ ಯಾವುದಕ್ಕೂ ನಾಲ್ಕು ಅಂಕಿ ಇರಲಿಲ್ಲ. ಹಾಗಾಗಿ ಯಾರಾದರೂ ನಂಬರ್ ಹೇಳಿದ ಕೂಡಲೇ ಅದು ಹಳೆಯದೋ ಹೊಸದೋ ಅಂತ ಗೇಟಿನವರಿಗೆ ಗೊತ್ತಾಗುತ್ತದೆ.

ಒಂದೇ ಒಂದು ಕಡೆ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾಯಿತು. ನಮ್ಮ ಜಾಗ ಇಳಿಜಾರು, ಸಿ ಬ್ಲಾಕಿನ ಹಿಂಬದಿಯಲ್ಲಿ ಮುರಕಲ್ಲು ಕಡಿದು ಇಳಿಸಿದ ಜಾಗದಲ್ಲಿ ರಸ್ತೆಗಿಂತ ಕೆಳಗೆ ಮೂರು ಮನೆಗಳುಂಟು. ಅವಕ್ಕೆ 0 ಕೊಟ್ಟರೆ ನೆಲಮಹಡಿಗೆ 1 ಕೊಡಬೇಕಾಗುತ್ತದೆ, ಆಗ ಲಿಫ್ಟಿನ ಗುಂಡಿಗೂ ಮನೆ ನಂಬರಿಗೂ ತಾಳ ತಪ್ಪುತ್ತದೆ, ಮತ್ತೆ ಹಳೇ ಬಿ ಬ್ಲಾಕಿನ ಕಥೆಯೇ. ಅದಕ್ಕೆ ಆ ಮೂರು ಮನೆಗಳಿಗೆ ಮಹಡಿಯ ಜಾಗದಲ್ಲಿ 9 ಹಾಕಿದ್ದೇವೆ: 3901, 3902, 3903. ನಮ್ಮಲ್ಲಿ ಒಂಬತ್ತನೇ ಮಹಡಿ ಇಲ್ಲ, ಹಾಗಾಗಿ ಗೊಂದಲ ಆಗಲಿಕ್ಕಿಲ್ಲ. ಆದರೂ ಹೊಸ ಡೆಲಿವರಿ ಹುಡುಗರು ಮೇಲೆ ಹುಡುಕಬಾರದು ಅಂತ ಸಿ ಬ್ಲಾಕಿನ ಲಿಫ್ಟ್ ಒಳಗೆ '9 ಅಂದರೆ ಕೆಳಗೆ' ಅಂತ ಬಾಣದ ಗುರುತು ಸಮೇತ ಬರೆಸುತ್ತೇವೆ.

ಸಿ 20 ಮತ್ತು 21ರ ನಡುವಿನ ಗೋಡೆ ತೆಗೆದು ಒಂದೇ ಮನೆ ಮಾಡಿಕೊಂಡಿದ್ದಾರೆ. ಅವರಿಗೆ 3106. 3107 ಯಾರಿಗೂ ಇಲ್ಲ, ಖಾಲಿ ಬಿಡುತ್ತೇವೆ. (ನಂಬರ್ ಒಂದೇ ಆದರೂ ಮೇಂಟೆನೆನ್ಸ್ ಮೊದಲಿನಂತೆ ಎರಡು ಫ್ಲ್ಯಾಟಿನದ್ದೇ.) ಇನ್ನು ಅಂಕಿ ಕೂಡಿಸಿದರೆ ಎಂಟು ಬರುತ್ತದೆ, ಬೇರೆ ಕೊಡಿ ಅಂತ ಕೇಳಿದವರಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ: ಆಗುವುದಿಲ್ಲ. ಒಬ್ಬರಿಗೆ ಬದಲಿಸಿದರೆ ಇಡೀ ಮಹಡಿಯ ಕ್ರಮ ಹೋಗುತ್ತದೆ.

ಬಾಗಿಲಿನ ಬೋರ್ಡನ್ನು ಸೊಸೈಟಿಯೇ ಮಾಡಿಸಿದೆ, ನೀವು ದುಡ್ಡು ಕೊಡಬೇಕಾಗಿಲ್ಲ. ಬೋರ್ಡಿನಲ್ಲಿ ಅಂಕಿ ಮಾತ್ರ ಇರುತ್ತದೆ. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಬ್ಯಾರಿ ಎಲ್ಲ ಮಾತನಾಡುವವರು ಇರುವ ಊರು ನಮ್ಮದು, ಅಂಕಿಯಾದರೆ ಯಾವ ಲಿಪಿ ಅಂತ ಜಗಳ ಇಲ್ಲ. ನಿಮ್ಮ ಮನೆ ಹೆಸರಿನ ಫಲಕ ಹಾಗೆಯೇ ಇರಲಿ. ಅಕ್ಟೋಬರ್ 30 ಮತ್ತು 31ರಂದು ಕೆಲಸದವರು ಬಂದು ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾರೆ. ಹರಿತ ಕರ್ಮ ಸೇನೆಯವರು ಅಂಟಿಸಿದ ಕ್ಯೂಆರ್ ಕೋಡ್ ಇದ್ದರೆ ದಯವಿಟ್ಟು ಕೀಳಲು ಬಿಡಬೇಡಿ, ಪ್ಲಾಸ್ಟಿಕ್ ತೆಗೆದುಕೊಂಡು ಹೋಗುವಾಗ ಅವರು ಅದನ್ನೇ ಸ್ಕ್ಯಾನ್ ಮಾಡುವುದು.

ಜಾಸ್ತಿ ಜನ ಕೇಳುತ್ತಿರುವುದು ಕಾಗದಪತ್ರದ ವಿಷಯ. ಗಾಬರಿ ಬೇಡ. ಇದು ಸೊಸೈಟಿಯ ಒಳಗಿನ ನಂಬರ್. ನಗರಸಭೆ ಕೊಟ್ಟ ವಾರ್ಡ್ ಮತ್ತು ಮನೆ ನಂಬರ್ ಬೇರೆ, ಅದು ಬದಲಾಗುವುದಿಲ್ಲ, ಕಟ್ಟಡ ತೆರಿಗೆ ಅದರಲ್ಲೇ ಕಟ್ಟಿ. ಕೆಎಸ್‌ಇಬಿಯ 13 ಅಂಕಿಯ ಕನ್ಸ್ಯೂಮರ್ ನಂಬರೂ ಅದೇ ಇರುತ್ತದೆ, ಕೆಳಗೆ ಮೀಟರ್ ಪಕ್ಕದ ಚೀಟಿ ಮಾತ್ರ ನಮ್ಮ ಎಲೆಕ್ಟ್ರಿಷಿಯನ್ ಬದಲಿಸುತ್ತಾರೆ. ಕ್ರಯಪತ್ರ ತಿದ್ದಿಸಬೇಕಾಗಿಲ್ಲ. ಮುಂದೆ ಮಾರುವಾಗಲೋ ಸಾಲ ಮಾಡುವಾಗಲೋ ಬ್ಯಾಂಕಿನವರು ಕೇಳಿದರೆ, ಹಳೆಯ ನಂಬರೂ ಹೊಸ ನಂಬರೂ ಒಂದೇ ಫ್ಲ್ಯಾಟಿನದ್ದು ಅಂತ ಸೊಸೈಟಿ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿ ಕೊಡುತ್ತೇವೆ. ಆಧಾರ್‌ನಲ್ಲಿ ಹಳೆಯ ಫ್ಲ್ಯಾಟ್ ನಂಬರ್ ಇದ್ದು ಬದಲಿಸಬೇಕು ಅನ್ನಿಸಿದರೆ ನಿಧಾನವಾಗಿ ಅಕ್ಷಯ ಕೇಂದ್ರಕ್ಕೆ ಹೋಗಿ ಕೇಳಿ. ಎಲ್ಲರೂ ನವೆಂಬರ್ 2ರ ಬೆಳಗ್ಗೆಯೇ ಹೋಗಿ ಸಾಲು ನಿಲ್ಲಬೇಡಿ.

ನೀವೇ ಬದಲಿಸಬೇಕಾದದ್ದು ಇಷ್ಟು: ಫೋನಿನ ಶಾಪಿಂಗ್ ಮತ್ತು ಊಟದ ಆ್ಯಪ್‌ಗಳಲ್ಲಿರುವ ವಿಳಾಸ, ಗ್ಯಾಸ್ ಏಜೆನ್ಸಿ, ಮಕ್ಕಳ ಶಾಲೆ, ಹಾಲು ಮತ್ತು ಪೇಪರ್ ಹಾಕುವವರು. ಅಂಚೆ ಕಚೇರಿಗೆ ಹಳೆ ಮತ್ತು ಹೊಸ ನಂಬರ್‌ಗಳ ಪಟ್ಟಿಯನ್ನು ನಾವು ಕೊಡುತ್ತೇವೆ. ಗೇಟಿನವರ ಹತ್ತಿರ ಡಿಸೆಂಬರ್ 31ರವರೆಗೆ ಎರಡೂ ನಂಬರ್ ಇರುತ್ತದೆ. ಆಮೇಲೆ ಹಳೆಯ ನಂಬರಿನಲ್ಲಿ ಬಂದ ಪಾರ್ಸೆಲ್ ಗೇಟಿನಲ್ಲೇ ಉಳಿಯುತ್ತದೆ, ನೀವೇ ಬಂದು ತೆಗೆದುಕೊಂಡು ಹೋಗಬೇಕು.

ಇಂಟರ್‌ಕಾಮ್‌ನಲ್ಲೂ ನವೆಂಬರ್ 1ರಿಂದ ಇದೇ ನಾಲ್ಕು ಅಂಕಿ ಒತ್ತಿದರೆ ಸಾಕು, ಬೇರೆ ನಂಬರ್ ನೆನಪಿಡಬೇಕಾಗಿಲ್ಲ. ಫೋನಿನಲ್ಲಿ ಹೇಳುವಾಗ 'ಎರಡು, ಎರಡು, ಸೊನ್ನೆ, ಐದು' ಅಂತ ಬಿಡಿಸಿ ಹೇಳಿ, 'ಎರಡು ಸಾವಿರದ ಇನ್ನೂರ ಐದು' ಅನ್ನಬೇಡಿ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಹೊಸ ನಂಬರನ್ನು ದೊಡ್ಡದಾಗಿ ಬರೆದು ಫೋನಿನ ಪಕ್ಕ ಅಂಟಿಸಿ. ಬರೆದುಕೊಡಲು ಜನ ಇಲ್ಲದಿದ್ದರೆ ಕಚೇರಿಗೆ ಹೇಳಿ, ನಾವೇ ಬಂದು ಅಂಟಿಸುತ್ತೇವೆ.

ಪಟ್ಟಿಯಲ್ಲಿ ತಪ್ಪು ಕಂಡರೆ ಅಕ್ಟೋಬರ್ 20ರ ಒಳಗೆ ತಿಳಿಸಿ, ಬೋರ್ಡಿಗೆ ಅಂಕಿ ಕೊರೆಯಲು 21ಕ್ಕೆ ಕೊಡುತ್ತೇವೆ. ಕಚೇರಿ ಎ ಬ್ಲಾಕಿನ ನೆಲಮಹಡಿಯಲ್ಲಿ, ಸಂಜೆ 5ರಿಂದ 7ರವರೆಗೆ. ಇದೇ ನೋಟೀಸಿನ ಮಲಯಾಳಂ ಪ್ರತಿ ಪಕ್ಕದಲ್ಲೇ ಉಂಟು.

ಕಾರ್ಯದರ್ಶಿ
(1003, ಅಂದರೆ ಹಳೆಯ ಎ 003)