ಸೋಮವಾರದ ಇಂಟರ್‌ವ್ಯೂಗೆ ಆರು ದಿನದ ತಯಾರಿ

ತಮ್ಮಾ,

ಇಂಟರ್‌ವ್ಯೂ ಸೋಮವಾರ ಬೆಳಿಗ್ಗೆ 10.30ಕ್ಕೆ, ಮೈಸೂರಿನ ಬ್ಯಾಂಕ್ ಕಚೇರಿಯಲ್ಲಿ. ಹುದ್ದೆ ಕೃಷಿ ಸಾಲ ಅಧಿಕಾರಿ. ಇವತ್ತು ಮಂಗಳವಾರ. ದಿನಾ ರಾತ್ರಿ ಎಂಟೂವರೆಗೆ ಫೋನ್ ಮಾಡುತ್ತೇನೆ, ಅಷ್ಟು ಹೊತ್ತು ನಾನು ನಿನ್ನ ಅಕ್ಕ ಅಲ್ಲ, ಮ್ಯಾನೇಜರ್. ಕೆಳಗಿನ ಉತ್ತರಗಳನ್ನು ಬಾಯಿಪಾಠ ಮಾಡಬೇಡ. ಒಂದೆರಡು ಸಲ ಓದಿ, ಹಾಳೆ ಮಡಚಿಟ್ಟು, ನಿನ್ನ ಮಾತಲ್ಲೇ ಜೋರಾಗಿ ಹೇಳು. ಒಂದೂವರೆ ನಿಮಿಷ ದಾಟಬಾರದು. ನೀನು ಕಣ್ಣಾರೆ ಕಂಡ ಒಂದು ಸಂಗತಿಯಾದರೂ ಪ್ರತಿ ಉತ್ತರದಲ್ಲಿ ಇರಲೇಬೇಕು. ಪುಸ್ತಕದ್ದನ್ನು ಎಲ್ಲರೂ ಹೇಳುತ್ತಾರೆ ಕಣೋ, ನಾಲೆ ಬತ್ತಿದ ವರ್ಷ ಕಬ್ಬು ಹೇಗಿತ್ತು ಅನ್ನುವುದನ್ನು ನಿನ್ನಂಥವನೇ ಹೇಳಬೇಕು.

ಮಂಗಳವಾರ, ಇನ್ನು 6 ದಿನ

ಪ್ರಶ್ನೆ: ನಿಮ್ಮ ಬಗ್ಗೆ ಹೇಳಿ.

"ನಮಸ್ತೆ ಸರ್. ನಾನು ಪಾಂಡವಪುರ ತಾಲ್ಲೂಕಿನವನು. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೃಷಿ ಮುಗಿಸಿದ್ದೇನೆ. ನಮಗೆ ಎರಡು ಎಕರೆ ನಾಲಾ ಜಮೀನಿದೆ, ಕಬ್ಬು, ಭತ್ತ ಬೆಳೆಯುತ್ತೇವೆ. ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ಉಳಿದಿದ್ದಾಗ ಮನೆಮನೆಗೆ ಹೋಗಿ ರೈತರ ಖರ್ಚು ಬರೆದುಕೊಂಡೆ. ಗೊಬ್ಬರದ ಅಂಗಡಿಯ ಬಾಕಿಯನ್ನು ಯಾರೂ ಸಾಲ ಅಂತ ಹೇಳಲೇ ಇಲ್ಲ. ಬ್ಯಾಂಕಿನ ಕೆಲಸಕ್ಕೆ ಬರಬೇಕು ಅನ್ನಿಸಿದ್ದು ಆಗ."

ಅಲ್ಲಿಗೆ ನಿಲ್ಲಿಸು. ಆ ಬಾಕಿಯ ಬಗ್ಗೆ ಅವರೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಹವ್ಯಾಸ, ಕ್ರಿಕೆಟ್ ಏನೂ ಬೇಡ. ಇಂಗ್ಲಿಷಲ್ಲಿ ಕೇಳಿದರೆ ಈ ಉತ್ತರವನ್ನಾದರೂ ಇಂಗ್ಲಿಷಲ್ಲೇ ಹೇಳು, ಆಮೇಲೆ "ಜಮೀನಿನ ವಿಷಯ ಕನ್ನಡದಲ್ಲಿ ಹೇಳಬಹುದಾ ಸರ್?" ಅಂತ ಕೇಳು. ಹಳ್ಳಿ ಸುತ್ತುವ ಕೆಲಸಕ್ಕೆ ಅವರಿಗೆ ಬೇಕಾಗಿರುವುದೂ ಕನ್ನಡ ಬಲ್ಲವನೇ.

ಬುಧವಾರ, ಇನ್ನು 5 ದಿನ

ಪ್ರಶ್ನೆ: ಡಿಗ್ರಿ ಮುಗಿದು ಒಂದು ವರ್ಷ ಏನು ಮಾಡಿದಿರಿ?

"ಅಪ್ಪನಿಗೆ ಮಂಡಿ ಆಪರೇಷನ್ ಆಯಿತು ಸರ್. ಆ ವರ್ಷ ಜಮೀನು ನಾನೇ ನೋಡಿಕೊಂಡೆ. ಬಿತ್ತನೆಯಿಂದ ಕಟಾವಿನವರೆಗೆ ಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ."

ಇಷ್ಟೇ. ದನಿ ಕುಗ್ಗಿಸಬೇಡ, ಕ್ಷಮೆ ಕೇಳುವವನ ಹಾಗೆ ಹೇಳಬೇಡ. ಆ ಖರ್ಚಿನ ಪುಸ್ತಕವನ್ನು ಫೈಲಲ್ಲಿ ಇಟ್ಟುಕೊಂಡೇ ಬಾ.

ಗುರುವಾರ, ಇನ್ನು 4 ದಿನ

ಇವತ್ತು ಲೆಕ್ಕದ ದಿನ. ಪೆನ್ನು, ಹಾಳೆ ಹಿಡಿದು ಕೂರು.

ಪ್ರಶ್ನೆ: ಎರಡು ಎಕರೆ ರೈತನಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಎಷ್ಟು ಮಿತಿ ಕೊಡುತ್ತೀರಿ?

"ಆ ಬೆಳೆಗೆ ಜಿಲ್ಲಾ ಮಟ್ಟದಲ್ಲಿ ನಿಗದಿಯಾದ ಸಾಲದ ಪ್ರಮಾಣವನ್ನು ಮೊದಲು ನೋಡುತ್ತೇನೆ ಸರ್. ಲೆಕ್ಕಕ್ಕೆ ಎಕರೆಗೆ 50,000 ರೂಪಾಯಿ ಅಂತ ಇಟ್ಟುಕೊಂಡರೆ ಎರಡು ಎಕರೆಗೆ 1,00,000. ಕಟಾವಿನ ನಂತರದ ಖರ್ಚಿಗೂ ಮನೆಖರ್ಚಿಗೂ ಶೇ. 10, ಅಂದರೆ 10,000. ಜಮೀನು, ಪಂಪ್‌ಸೆಟ್ ದುರಸ್ತಿಗೆ ಶೇ. 20, ಅಂದರೆ 20,000. ಒಟ್ಟು ಮೊದಲ ವರ್ಷಕ್ಕೆ 1,30,000, ಬೆಳೆ ವಿಮೆಯ ಕಂತು ಇದರ ಮೇಲೆ. 2 ಲಕ್ಷದ ಒಳಗೇ ಇರುವುದರಿಂದ ಜಮೀನು ಅಡಮಾನ ಬೇಕಿಲ್ಲ."

ಈ 2 ಲಕ್ಷದ ಮಿತಿ 2025ರ ಜನವರಿಯಿಂದ ಬಂದದ್ದು, ಮೊದಲು 1.6 ಲಕ್ಷ ಇತ್ತು. ಹಳೇ ನೋಟ್ಸಿನಲ್ಲಿ ಹಳೇದೇ ಇದೆ, ತಿದ್ದಿಕೋ. ಬಡ್ಡಿ ಕೇಳಿದರೆ: 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ. 7, ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ ಶೇ. 3 ಕಡಿತ, ಕೊನೆಗೆ ಬೀಳುವುದು ಶೇ. 4. ದಾಖಲೆ ಕೇಳಿದರೆ ಪಹಣಿ, ಮ್ಯುಟೇಶನ್, ಆಧಾರ್, ಬೇರೆ ಕಡೆ ಸಾಲ ಇದೆಯೇ ಇಲ್ಲವೇ ಅನ್ನುವ ವಿವರ. ಪಹಣಿಯ ಯಾವ ಕಲಂನಲ್ಲಿ ಬೆಳೆ, ಯಾವ ಕಲಂನಲ್ಲಿ ಋಣ ಅಂತ ಅಪ್ಪನ ಪಹಣಿಯನ್ನೇ ಎದುರಿಗಿಟ್ಟುಕೊಂಡು ನೋಡು.

ಶುಕ್ರವಾರ, ಇನ್ನು 3 ದಿನ

ನನ್ನ ಲೆಕ್ಕದಲ್ಲಿ ಆಯ್ಕೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಹತ್ತು ಸಲ ಬೇಕಾದರೂ ಹೇಳಿಸುತ್ತೇನೆ.

ಪ್ರಶ್ನೆ: ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ರೈತ ನಿಮ್ಮ ಹತ್ತಿರ ಯಾಕೆ ಬರಬೇಕು?

ಸೊಸೈಟಿಯನ್ನು ದೂರಬೇಡ. ನಮ್ಮ ಮನೆ ನಡೆದಿರುವುದೂ ಅದರಿಂದಲೇ.

"ಬೆಳೆ ಸಾಲ ಅಲ್ಲೇ ಸಿಗುವ ರೈತನನ್ನು ಅಲ್ಲಿಂದ ಬಿಡಿಸಿ ಕರೆತರುವುದಿಲ್ಲ ಸರ್. ನಮ್ಮಪ್ಪನೂ ಸೊಸೈಟಿ ಸದಸ್ಯ. ಆದರೆ ಎಲ್ಲರಿಗೂ ಕೇಳಿದಷ್ಟು ಅಲ್ಲಿ ಸಿಗುವುದಿಲ್ಲ, ನಮಗೂ ಒಂದು ವರ್ಷ ಅರ್ಧವೇ ಸಿಕ್ಕಿತು. ಉಳಿದದ್ದಕ್ಕೆ ಕೈಸಾಲ ಮಾಡಿದೆವು. ಅಂಥವರನ್ನು ಹುಡುಕುತ್ತೇನೆ. ಹಸು, ಹನಿ ನೀರಾವರಿ, ಟಿಲ್ಲರ್ ಕೇಳುವವರ ಪಟ್ಟಿಯನ್ನು ಬೇರೆ ಮಾಡುತ್ತೇನೆ. ಡೇರಿಗೆ ಹಾಲು ಹಾಕುವ ಮನೆಗೆ ನಿಯಮಿತವಾಗಿ ಬಟವಾಡೆ ಬರುತ್ತದೆ, ಕಂತು ಕಟ್ಟಲು ದಾರಿ ಇರುತ್ತದೆ."

ಮರುಪ್ರಶ್ನೆ ಬರಬಹುದು: ಒಂದೇ ಬೆಳೆಗೆ ಎರಡು ಕಡೆ ಸಾಲ ಆಗುವುದಿಲ್ಲವೇ? "ಅದಕ್ಕೇ ಪಹಣಿಯ ಋಣದ ಕಲಂ ನೋಡಿ, ಸೊಸೈಟಿಯ ಬಾಕಿ ವಿವರ ತರಿಸಿಕೊಂಡೇ ಮುಂದುವರಿಯುತ್ತೇನೆ ಸರ್." ಗುರುವಾರದ ಪಹಣಿ ಇಲ್ಲಿಗೆ ಬೇಕಾಗುತ್ತದೆ.

ಶನಿವಾರ, ಇನ್ನು 2 ದಿನ

ಪ್ರಶ್ನೆ: ಕಬ್ಬು ಆಲೆಮನೆಗೆ ಹೋಯಿತು, ರೈತ ಸಾಲ ಕಟ್ಟಲಿಲ್ಲ. ಏನು ಮಾಡುತ್ತೀರಿ?

"ಮೊದಲು ಮನೆಗೆ ಹೋಗುತ್ತೇನೆ, ನೋಟಿಸ್ ಆಮೇಲೆ. ಕಾರ್ಖಾನೆ 14 ದಿನದಲ್ಲಿ ಹಣ ಕೊಡಬೇಕು ಅಂತ ನಿಯಮ ಇದ್ದರೂ ತಡವಾಗುತ್ತದೆ ಅನ್ನುವ ಭಯಕ್ಕೆ, ಕೈಗೆ ಕಾಸು ಸಿಗುವ ಆಲೆಮನೆಗೆ ಕೊಡುತ್ತಾರೆ ಸರ್. 2023ರಲ್ಲಿ ಕೆ.ಆರ್.ಎಸ್. ತುಂಬಲಿಲ್ಲ, ನಮ್ಮ ಕಬ್ಬೂ ಒಣಗಿತು. ಬೆಳೆಯೇ ಹೋಗಿದ್ದರೆ ಕಾಗದಪತ್ರದೊಂದಿಗೆ ಮೇಲಧಿಕಾರಿಗೆ ತಿಳಿಸಿ ವಾಯಿದೆ ಮುಂದೂಡುವ ಅವಕಾಶ ಕೇಳುತ್ತೇನೆ. ಬೆಳೆ ಬಂದು ದುಡ್ಡು ಬೇರೆಡೆ ಖರ್ಚಾಗಿದ್ದರೆ ದಿನಾಂಕ ಬರೆಸಿಕೊಂಡು, ಆ ದಿನವೇ ಮತ್ತೆ ಹೋಗುತ್ತೇನೆ."

ಸಂಬಳ ಕೇಳಿದರೆ "ಬ್ಯಾಂಕಿನ ನಿಯಮದ ಪ್ರಕಾರ ಕೊಡಿ, ಫೀಲ್ಡಿಗೆ ಪೆಟ್ರೋಲ್ ಭತ್ಯೆ ಹೇಗೆ ಅಂತ ತಿಳಿದುಕೊಳ್ಳಬಹುದಾ ಸರ್?" ಅನ್ನು. ಸಂಜೆ ಕಟಿಂಗ್ ಮಾಡಿಸು, ಶರ್ಟ್ ಇಸ್ತ್ರಿಗೆ ಕೊಡು.

ಭಾನುವಾರ, ನಾಳೆಯೇ

ಬೆಳಿಗ್ಗೆ ಹತ್ತಕ್ಕೆ ವೀಡಿಯೊ ಕಾಲ್. ಅದೇ ಶರ್ಟ್ ಹಾಕಿ, ಕುರ್ಚಿಯಲ್ಲಿ ನೇರ ಕೂತು ಐದೂ ಉತ್ತರ ಹೇಳು. ನಿಮ್ಮ ಭಾವ ಮಧ್ಯದಲ್ಲಿ ಅಡ್ಡ ಪ್ರಶ್ನೆ ಹಾಕುತ್ತಾರೆ, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸರ್, ತಿಳಿದುಕೊಳ್ಳುತ್ತೇನೆ" ಅನ್ನುವುದೂ ಅಭ್ಯಾಸ ಆಗಲಿ. ಮಧ್ಯಾಹ್ನದ ಮೇಲೆ ಏನೂ ಓದಬೇಡ.

ಭಾನುವಾರ ರಾತ್ರಿ ನೋಡಿಕೊಳ್ಳುವ ಪಟ್ಟಿ

☐ ಕರೆಪತ್ರ, ಎರಡು ಪ್ರಿಂಟ್. ಮೊಬೈಲಲ್ಲಿದೆ ಅಂದರೆ ಸಾಲದು.
☐ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ಪದವಿ ಪ್ರಮಾಣಪತ್ರ: ಅಸಲು ಒಂದು ಕವರಿನಲ್ಲಿ, ಎರಡು ಸೆಟ್ ಜೆರಾಕ್ಸ್ ಇನ್ನೊಂದರಲ್ಲಿ.
☐ ಆಧಾರ್, ಪಾನ್, ನಾಲ್ಕು ಫೋಟೊ, ಮೂರು ಬಯೊಡೇಟಾ.
☐ ಬೈಕಿನ ಡ್ರೈವಿಂಗ್ ಲೈಸೆನ್ಸ್. ಫೀಲ್ಡ್ ಕೆಲಸ, ಕೇಳೇ ಕೇಳುತ್ತಾರೆ.
☐ ಖರ್ಚಿನ ಪುಸ್ತಕ, ಅಪ್ಪನ ಪಹಣಿಯ ನಕಲು, ಬರೆಯುವ ಎರಡು ಪೆನ್ನು.
☐ ಶರ್ಟ್, ಪ್ಯಾಂಟ್, ಬೆಲ್ಟ್, ಸಾಕ್ಸ್, ಕರವಸ್ತ್ರ ಒಂದೇ ಕುರ್ಚಿಯ ಮೇಲೆ. ಗುಂಡಿ ಎಲ್ಲ ಇವೆಯಾ ನೋಡು. ಶೂಗೆ ಪಾಲಿಶ್ ರಾತ್ರಿಯೇ.
☐ ಗೆಳೆಯನ ಬೈಕ್ ಬೇಡ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯ ದೂಳಿಗೆ ಶರ್ಟ್ ಕೆಡುತ್ತದೆ. ಏಳಕ್ಕೆಲ್ಲ ಬಸ್ಸು ಹತ್ತಿರಬೇಕು. ಸಬರ್ಬನ್ ಬಸ್‌ಸ್ಟ್ಯಾಂಡಲ್ಲಿ ಭಾವ ಕಾಯುತ್ತಾರೆ, ಅಲ್ಲೇ ಇಡ್ಲಿ ತಿನ್ನಿ.
☐ ಆಟೊ ಹಿಡಿಯಬೇಕಾದರೆ ಅಂತ ಇನ್ನೂರು ರೂಪಾಯಿ ಚಿಲ್ಲರೆ.
☐ ಅಪ್ಪನ ಬೆಳಗಿನ ಮಾತ್ರೆ ತೆಗೆದು ಅಮ್ಮನ ಕೈಗೆ ಕೊಡು, ಇಲ್ಲದಿದ್ದರೆ ಇಂಟರ್‌ವ್ಯೂ ಹೊತ್ತಲ್ಲೇ ಫೋನ್ ಬರುತ್ತದೆ.
☐ ಮೊಬೈಲ್ ಚಾರ್ಜಿಗೆ, ಐದಕ್ಕೆ ಅಲಾರಾಂ, ಹತ್ತರೊಳಗೆ ದೀಪ ಆರಿಸು.